ಟ್ರೈನು, ಬಸ್ಸು, ಕಾರು: ಒಬ್ಬರನ್ನು ಒಂದು ಕಿಲೋಮೀಟರ್ ಒಯ್ಯಲು ಎಷ್ಟು ಯೂನಿಟ್ ಬೇಕು?

ಕೆಲಸಕ್ಕೆ ಹೋಗಿಬರಲು ವಿದ್ಯುತ್ ರೈಲು, ಬಸ್ಸು, ಸ್ವಂತ ಕಾರು ಮೂರೂ ಇದ್ದರೆ ಯಾವುದು ಕಡಿಮೆ ಶಕ್ತಿ ತಿನ್ನುತ್ತದೆ? ಕೇಳಿದವರೆಲ್ಲ ಟ್ರೈನು ಅಂತಾರೆ. ಸಾಮಾನ್ಯವಾಗಿ ಅದು ನಿಜ. ಆದರೆ ಎಷ್ಟರ ಮಟ್ಟಿಗೆ ನಿಜ ಅನ್ನುವುದು ಟ್ರೈನಿನೊಳಗೆ ಎಷ್ಟು ಜನ ಇದ್ದಾರೆ, ಅದರ ಕರೆಂಟು ಎಲ್ಲಿಂದ ಬಂತು, ನೀವು ಸ್ಟೇಷನ್‌ಗೆ ಹೇಗೆ ಬಂದಿರಿ ಎಂಬುದರ ಮೇಲೆ ನಿಂತಿದೆ. ಕೊನೆಯದ್ದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಳತೆ ಸುಲಭ. ಗಾಡಿ ಒಂದು ಕಿಲೋಮೀಟರ್ ಓಡಲು ಬೇಕಾದ ಶಕ್ತಿಯನ್ನು ಒಳಗಿರುವ ಜನರ ಸಂಖ್ಯೆಯಿಂದ ಭಾಗಿಸಿದರೆ ಪ್ರಯಾಣಿಕ-ಕಿಲೋಮೀಟರಿನ ಲೆಕ್ಕ ಸಿಗುತ್ತದೆ. ಮೂರನ್ನೂ ಒಂದೇ ತಕ್ಕಡಿಗೆ ಹಾಕಲು ಕರೆಂಟ್ ಬಿಲ್ಲಿನ ಯೂನಿಟ್ಟನ್ನೇ, ಅಂದರೆ ಒಂದು ಕಿಲೋವಾಟ್-ಗಂಟೆಯನ್ನೇ ಬಳಸೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ, ಡೀಸೆಲ್‌ನಲ್ಲಿ ಸುಮಾರು 10.

ಟ್ರೈನಿನ ಹೊಟ್ಟೆಗೆ ಎಷ್ಟು ಬೇಕು

ಆರು ಬೋಗಿಯ ಒಂದು ನಗರ ರೈಲನ್ನು ತೆಗೆದುಕೊಳ್ಳಿ. ಮುನ್ನೂರು ಜನ ಹತ್ತಿದ ಮೇಲೆ ಅದರ ಒಟ್ಟು ತೂಕ 240 ಟನ್ ಎಂದಿಟ್ಟುಕೊಳ್ಳೋಣ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ತಡೆ ತೀರಾ ಕಮ್ಮಿ. ರಸ್ತೆಯ ಮೇಲೆ ರಬ್ಬರ್ ಟೈರಿಗೆ ಎದುರಾಗುವ ತಡೆಗೆ ಹೋಲಿಸಿದರೆ ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಟ್ರೈನಿನ ಹೆಗ್ಗಳಿಕೆ ಎಂದು ಎಲ್ಲರೂ ಹೇಳುವುದು ಇದನ್ನೇ. ಊರಿಂದೂರಿಗೆ ನಿಲ್ಲದೆ ಓಡುವ ರೈಲಿಗೆ ಅದು ದೊಡ್ಡ ಲಾಭವೇ. ಆದರೆ ನಗರದೊಳಗಿನ ರೈಲಿನಲ್ಲಿ ಶಕ್ತಿ ಹೋಗುವುದು ಉರುಳುವುದಕ್ಕಲ್ಲ, ನಿಂತಲ್ಲಿಂದ ಮತ್ತೆ ಹೊರಡುವುದಕ್ಕೆ.

ನಮ್ಮ ಟ್ರೈನು ಗಂಟೆಗೆ 70 ಕಿಲೋಮೀಟರ್ ವೇಗ ಮುಟ್ಟಲು ಸುಮಾರು 13 ಯೂನಿಟ್ ಚಲನ ಶಕ್ತಿ ತುಂಬಿಕೊಳ್ಳಬೇಕು. ಇದರಲ್ಲಿ ಚಕ್ರ ಮತ್ತು ಮೋಟರುಗಳನ್ನು ತಿರುಗಿಸುವ ಪಾಲೂ ಸೇರಿದೆ. ಮೋಟರು, ಗೇರು, ಇನ್ವರ್ಟರ್‌ಗಳಲ್ಲಿ ಒಂದಿಷ್ಟು ಸೋರುವುದರಿಂದ ತಂತಿಯಿಂದ ಎಳೆಯುವುದು ಸುಮಾರು 16 ಯೂನಿಟ್. ಹಳಿ ಮತ್ತು ಗಾಳಿಯ ತಡೆಗೆ ಇನ್ನೊಂದು 3 ಸೇರಿಸಿ. 1.2 ಕಿಲೋಮೀಟರ್ ಆದ ಮೇಲೆ ಮುಂದಿನ ಸ್ಟೇಷನ್ ಬರುತ್ತದೆ, ತುಂಬಿದ್ದನ್ನೆಲ್ಲ ಬ್ರೇಕಿನಲ್ಲಿ ಕಳೆಯಬೇಕು. ಒಂದು ನಿಮಿಷದೊಳಗೆ ಮತ್ತೆ ಅದೇ ಕಥೆ.

ಈ ಬ್ರೇಕಿನ ಶಕ್ತಿಯನ್ನು ವಾಪಸ್ ಪಡೆಯುವುದೇ ಆಟದ ಅರ್ಧ ಭಾಗ. ಈಗಿನ ರೈಲುಗಳಲ್ಲಿ ಬ್ರೇಕ್ ಹಾಕಿದಾಗ ಮೋಟರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ಹಿಂದಿರುಗಿಸುತ್ತದೆ. ನಮ್ಮ ಲೆಕ್ಕದಲ್ಲಿ ಪ್ರತಿ ನಿಲುಗಡೆಗೆ 6 ಯೂನಿಟ್ ವಾಪಸ್ ಬಂತು ಎಂದಿಟ್ಟುಕೊಳ್ಳೋಣ. ಆದರೆ ಕೊಟ್ಟ ಕರೆಂಟನ್ನು ತೆಗೆದುಕೊಳ್ಳಲು ಯಾರಾದರೂ ಇರಬೇಕಲ್ವಾ? 750 ಅಥವಾ 1500 ವೋಲ್ಟ್ ಡಿಸಿಯಲ್ಲಿ ಓಡುವ ಮಾರ್ಗಗಳಲ್ಲಿ, ಸಾಮಾನ್ಯ ಸಬ್‌ಸ್ಟೇಷನ್ನು ಕರೆಂಟನ್ನು ಹಿಂದಕ್ಕೆ ಗ್ರಿಡ್ಡಿಗೆ ಕಳಿಸುವುದಿಲ್ಲ. ಅದೇ ಹೊತ್ತಿಗೆ ಹತ್ತಿರದಲ್ಲೇ ಇನ್ನೊಂದು ಟ್ರೈನು ಹೊರಡುತ್ತಿದ್ದರೆ ಅದು ಈ ಕರೆಂಟನ್ನು ಬಳಸಿಕೊಳ್ಳುತ್ತದೆ. ಯಾರೂ ಇಲ್ಲದಿದ್ದರೆ ಅದು ಗಾಡಿಯ ರೆಸಿಸ್ಟರ್‌ಗಳಲ್ಲಿ ಸುಮ್ನೆ ಬಿಸಿಯಾಗಿ ಹೋಗುತ್ತದೆ.

ಇದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಗುರುತಿಸಬಹುದು. ರೆಸಿಸ್ಟರ್ ಇರುವ ಗಾಡಿ ಬಂದು ನಿಂತ ಮೇಲೆ ಬೋಗಿಯ ಅಡಿಯಿಂದಲೋ ಮೇಲಿನಿಂದಲೋ ಬಿಸಿಗಾಳಿ ಏಳುತ್ತದೆ, ಕಾದ ಕಬ್ಬಿಣದ ಒಣ ವಾಸನೆ ಬರುತ್ತದೆ. ಅದು ನಿಮ್ಮ ಮೂಗಿನ ಮುಂದೆಯೇ ಹಾಳಾಗುತ್ತಿರುವ ಯೂನಿಟ್ಟು. ಮೂರು ನಿಮಿಷಕ್ಕೊಂದು ಗಾಡಿ ಓಡುವಾಗ ಇದು ಕಮ್ಮಿ. ರಾತ್ರಿ ಇಪ್ಪತ್ತು ನಿಮಿಷಕ್ಕೊಂದು ಓಡುವಾಗ ಜಾಸ್ತಿ. 25,000 ವೋಲ್ಟ್ ಎಸಿ ಕರೆಂಟಿನ ಮಾರ್ಗಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ, ಕರೆಂಟು ಟ್ರಾನ್ಸ್‌ಫಾರ್ಮರ್ ದಾಟಿ ಹಿಂದಕ್ಕೆ ಹರಿಯುತ್ತದೆ.

ಮೋಟರಿನಿಂದ ಕರೆಂಟ್ ವಾಪಸ್ ಪಡೆಯುವುದಲ್ಲದೆ ಇನ್ನೊಂದು ಹಳೆಯ ಜಾಣತನವಿದೆ. ಸ್ಟೇಷನ್ನನ್ನು ಸ್ವಲ್ಪ ಎತ್ತರದಲ್ಲಿ ಕಟ್ಟುವುದು. 1900ರಲ್ಲಿ ಶುರುವಾದ ಲಂಡನ್ನಿನ ಸೆಂಟ್ರಲ್ ಮಾರ್ಗದಲ್ಲೇ ಹೀಗೆ ಮಾಡಿದ್ದರು. ಬರುವಾಗ ಏರು ಸಿಗುವುದರಿಂದ ಗಾಡಿ ತಾನಾಗಿ ನಿಧಾನವಾಗುತ್ತದೆ, ಹೊರಡುವಾಗ ಇಳಿಜಾರು ಸಿಗುತ್ತದೆ. ನಮ್ಮ 240 ಟನ್ನಿನ ಗಾಡಿಗೆ ಮೂರು ಮೀಟರ್ ಎತ್ತರ ಎಂದರೆ ಸುಮಾರು 2 ಯೂನಿಟ್. ಯಾವ ಯಂತ್ರವೂ ಬೇಡ, ಕೆಡುವಂಥದ್ದೂ ಏನಿಲ್ಲ.

ಲೆಕ್ಕಕ್ಕೆ ಬರೋಣ. ಒಂದು ನಿಲುಗಡೆಗೆ 19 ಎಳೆದು 6 ವಾಪಸ್ ಕೊಟ್ಟರೆ ಉಳಿದದ್ದು 13. ಇದು 1.2 ಕಿಲೋಮೀಟರಿಗೆ, ಅಂದರೆ ಕಿಲೋಮೀಟರಿಗೆ ಸುಮಾರು 11. ಎಸಿ, ದೀಪ, ಕಂಪ್ರೆಸರ್ ಎಲ್ಲ ಸೇರಿ ಆರು ಬೋಗಿಗೆ 150 ಕಿಲೋವಾಟ್ ಬೇಕೆಂದರೆ, ನಿಲುಗಡೆಯೂ ಸೇರಿ ಗಂಟೆಗೆ 33 ಕಿಲೋಮೀಟರ್ ಸರಾಸರಿ ವೇಗದಲ್ಲಿ ಕಿಲೋಮೀಟರಿಗೆ ಇನ್ನೊಂದು ನಾಲ್ಕೂವರೆ. ಸ್ಟೇಷನ್ನುಗಳ ಎಸ್ಕಲೇಟರ್, ಲಿಫ್ಟು, ದೀಪ, ಗಾಳಿಯ ವ್ಯವಸ್ಥೆಗೆ 8 ಇಟ್ಟುಕೊಳ್ಳೋಣ. ಸ್ಟೇಷನ್ನುಗಳೆಲ್ಲ ನೆಲದೊಳಗಿದ್ದು ಪೂರ್ತಿ ಎಸಿ ಇದ್ದರೆ ಇದು ಇನ್ನೂ ಏರುತ್ತದೆ. ಎತ್ತರದ ಕಂಬಗಳ ಮೇಲಿನ ಬಯಲು ಸ್ಟೇಷನ್ನಾದರೆ ಅರ್ಧಕ್ಕೆ ಇಳಿಯಬಹುದು. ಒಟ್ಟು ಕಿಲೋಮೀಟರಿಗೆ ಸುಮಾರು 24 ಯೂನಿಟ್.

ರೈಲು ಸಂಸ್ಥೆಗಳು ಹೇಳಿಕೊಳ್ಳುವ ಅಂಕಿಯಲ್ಲಿ ಸ್ಟೇಷನ್ನಿನ ಕರೆಂಟು ಸೇರಿದೆಯೋ ಇಲ್ಲವೋ ನೋಡಬೇಕಾದ್ದು ಇದಕ್ಕೇ. ಬರೀ ಗಾಡಿ ಎಳೆಯುವ ಕರೆಂಟನ್ನಷ್ಟೇ ತೋರಿಸಿದರೆ ನಮ್ಮ 24 ಏಕ್‌ದಮ್ 11ಕ್ಕೆ ಇಳಿಯುತ್ತದೆ. ಸುಳ್ಳು ಹೇಳಿದಂತಾಗುವುದಿಲ್ಲ, ಅರ್ಧ ಹೇಳಿದಂತಾಗುತ್ತದೆ.

ಬಸ್ಸು

ಹನ್ನೆರಡು ಮೀಟರಿನ ಡೀಸೆಲ್ ಸಿಟಿ ಬಸ್ಸು ನೂರು ಕಿಲೋಮೀಟರಿಗೆ ಸುಮಾರು 40 ಲೀಟರ್ ಕುಡಿಯುತ್ತದೆ. ಅಂದರೆ ಕಿಲೋಮೀಟರಿಗೆ 4 ಯೂನಿಟ್. ಅಷ್ಟೇ ದೊಡ್ಡ ಎಲೆಕ್ಟ್ರಿಕ್ ಬಸ್ಸಿಗೆ ಚಾರ್ಜಿಂಗ್ ಸೋರಿಕೆಯೂ ಸೇರಿ 1.4 ಸಾಕು. ಎಂಜಿನ್ನಿನಲ್ಲಿ ಬಿಸಿಯಾಗಿ ಹೋಗುವ ಪಾಲು ಅದರಲ್ಲಿ ಇಲ್ಲ, ಬ್ರೇಕಿನಲ್ಲಿ ಸಿಕ್ಕಿದ್ದು ನೇರ ತನ್ನದೇ ಬ್ಯಾಟರಿಗೆ ಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಗಾಡಿ ಹೊರಡಲಿ ಎಂದು ಕಾಯಬೇಕಾಗಿಲ್ಲ.

ಬಸ್ಸಿನ ನಿಜವಾದ ಶತ್ರು ಟ್ರಾಫಿಕ್ಕು. ಎಸಿ ಶಕ್ತಿ ತಿನ್ನುವುದು ಗಂಟೆ ಲೆಕ್ಕದಲ್ಲಿ, ನಾವು ಭಾಗಿಸುವುದು ಕಿಲೋಮೀಟರ್ ಲೆಕ್ಕದಲ್ಲಿ. ಬಸ್ಸಿನ ಎಸಿಗೆ 10 ಕಿಲೋವಾಟ್ ಬೇಕೆನ್ನಿ. ಗಂಟೆಗೆ 25 ಕಿಲೋಮೀಟರ್ ಓಡುವಾಗ ಅದು ಕಿಲೋಮೀಟರಿಗೆ 0.4 ಯೂನಿಟ್. ಗಂಟೆಗೆ 10 ಕಿಲೋಮೀಟರ್ ತೆವಳುವಾಗ ಪೂರ್ತಿ 1 ಯೂನಿಟ್. ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟರೆ ಬರೀ ಸಮಯ ಉಳಿಯುತ್ತದೆ ಎಂದು ಜನ ತಿಳಿದಿದ್ದಾರೆ. ಶಕ್ತಿಯೂ ಉಳಿಯುತ್ತದೆ.

ಇನ್ನು ಒಳಗಿರುವ ಜನ. ಬೆಳಿಗ್ಗೆ ಬಾಗಿಲಲ್ಲಿ ಜೋತಾಡುತ್ತಾ ಹೋಗುವವರಿಗೆ ಬಸ್ಸಿನಲ್ಲಿ ಸರಾಸರಿ ಇಪ್ಪತ್ತೇ ಜನ ಎಂದರೆ ನಗು ಬರುತ್ತದೆ. ಆದರೆ ಅದೇ ಬಸ್ಸು ಅರವತ್ತು ಜನರನ್ನು ಊರೊಳಗೆ ಇಳಿಸಿ, ಹತ್ತು ಜನರನ್ನು ಹತ್ತಿಸಿಕೊಂಡು ವಾಪಸ್ ಬರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಡ್ರೈವರು, ಕಂಡಕ್ಟರು ಮತ್ತು ಆರು ಜನ. ಡಿಪೋಗೆ ಹೋಗುವಾಗ ಪೂರ್ತಿ ಖಾಲಿ. ಎಲ್ಲವನ್ನೂ ಸೇರಿಸಿ ದೂರದ ಲೆಕ್ಕದಲ್ಲಿ ಸರಾಸರಿ ತೆಗೆದರೆ ಇಪ್ಪತ್ತರ ಸುತ್ತ ಬರುವುದು ಅಪರೂಪವಲ್ಲ. ಟ್ರೈನಿಗೂ ಇದೇ ಕಥೆ. ಸಾವಿರದ ಐನೂರು ಜನ ಒತ್ತಿಕೊಂಡು ನಿಲ್ಲಬಹುದಾದ ಗಾಡಿಯಲ್ಲಿ ದಿನದ ಸರಾಸರಿ ಮುನ್ನೂರು ಎಂದು ನಾನು ಹಿಡಿದಿದ್ದೇನೆ.

ಕಾರು

ಇಲ್ಲಿ ಹೇಳುವುದು ಹೆಚ್ಚಿಲ್ಲ. ನಗರದಲ್ಲಿ ಲೀಟರಿಗೆ 12 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಕಿಲೋಮೀಟರಿಗೆ 0.75 ಯೂನಿಟ್ ಸುಡುತ್ತದೆ. ಕೆಲಸಕ್ಕೆ ಹೋಗುವ ಕಾರುಗಳಲ್ಲಿ ಬಹುಪಾಲು ಒಬ್ಬರೇ ಇರುತ್ತಾರೆ. ಸರಾಸರಿ 1.3 ಎಂದು ಹಿಡಿಯೋಣ. ಎಲೆಕ್ಟ್ರಿಕ್ ಕಾರಿಗೆ ಗೋಡೆಯ ಸಾಕೆಟ್ಟಿನಿಂದ ಅಳೆದರೆ ಸುಮಾರು 0.2 ಯೂನಿಟ್.

ಈಗ ಎಲ್ಲವನ್ನೂ ಪಕ್ಕಪಕ್ಕದಲ್ಲಿ ಇಡೋಣ. ಕೊನೆಯ ಕಾಲಂ ಏನೆಂದು ಕೆಳಗೆ ಹೇಳುತ್ತೇನೆ.

| ಗಾಡಿ | ಕಿ.ಮೀ.ಗೆ ಯೂನಿಟ್ | ಸರಾಸರಿ ಜನ | ಒಬ್ಬರಿಗೆ ಕಿ.ಮೀ.ಗೆ | ಕಲ್ಲಿದ್ದಲು/ತೈಲದ ಮೂಲದಿಂದ |
|---|---|---|---|---|
| ವಿದ್ಯುತ್ ರೈಲು | 24 | 300 | 0.08 | 0.24 |
| ಡೀಸೆಲ್ ಬಸ್ಸು | 4 | 20 | 0.20 | 0.24 |
| ಎಲೆಕ್ಟ್ರಿಕ್ ಬಸ್ಸು | 1.4 | 20 | 0.07 | 0.21 |
| ಪೆಟ್ರೋಲ್ ಕಾರು | 0.75 | 1.3 | 0.58 | 0.69 |
| ಎಲೆಕ್ಟ್ರಿಕ್ ಕಾರು | 0.2 | 1.3 | 0.15 | 0.46 |

ನಾಲ್ಕನೇ ಕಾಲಂ ನೋಡಿದರೆ ಟ್ರೈನು ಡೀಸೆಲ್ ಬಸ್ಸನ್ನು ಎರಡೂವರೆ ಪಟ್ಟು ಸೋಲಿಸುತ್ತದೆ, ಪೆಟ್ರೋಲ್ ಕಾರನ್ನು ಏಳು ಪಟ್ಟು. ಆದರೆ ಈ ಹೋಲಿಕೆಯಲ್ಲಿ ಒಂದು ಮೋಸ ಅಡಗಿದೆ. ಬಸ್ಸಿನ ಲೆಕ್ಕ ಟ್ಯಾಂಕಿನಿಂದ ಶುರುವಾಗಿದೆ, ಟ್ರೈನಿನ ಲೆಕ್ಕ ತಂತಿಯಿಂದ. ಡೀಸೆಲ್ಲನ್ನು ಕರೆಂಟಿಗೆ ಹೋಲಿಸುವುದೆಂದರೆ ಅಕ್ಕಿಯನ್ನು ಅನ್ನಕ್ಕೆ ಹೋಲಿಸಿದಂತೆ. ಒಂದನ್ನು ಇನ್ನೂ ಬೇಯಿಸಬೇಕು, ಇನ್ನೊಂದು ಬೆಂದೇ ಬಂದಿದೆ.

ಕಲ್ಲಿದ್ದಲು ಸುಡುವ ಸ್ಥಾವರದಲ್ಲಿ ಶಾಖದ ಮೂರರಲ್ಲೊಂದು ಭಾಗ, ಒಳ್ಳೆಯದಾದರೆ ಇನ್ನು ಸ್ವಲ್ಪ ಜಾಸ್ತಿ, ಕರೆಂಟ್ ಆಗುತ್ತದೆ. ಮಿಕ್ಕಿದ್ದು ಚಿಮಣಿಯಲ್ಲಿ ಮತ್ತು ಕೂಲಿಂಗ್ ಟವರಿನಲ್ಲಿ ಹೋಗುತ್ತದೆ. ಆದ್ದರಿಂದ ಪೂರ್ತಿ ಕಲ್ಲಿದ್ದಲಿನ ಕರೆಂಟಾದರೆ ತಂತಿಯ ಒಂದು ಯೂನಿಟ್ಟಿಗೆ ಮೂಲದಲ್ಲಿ ಸುಮಾರು ಮೂರು. ಪೆಟ್ರೋಲ್, ಡೀಸೆಲ್‌ಗೂ ಬಾವಿಯಿಂದ ಟ್ಯಾಂಕಿಗೆ ಬರುವಷ್ಟರಲ್ಲಿ ಖರ್ಚಿದೆ, ಅದಕ್ಕೆ 1.2 ಪಟ್ಟು ಹಿಡಿದಿದ್ದೇನೆ. ಕೊನೆಯ ಕಾಲಂ ಅದೇ. ಅಲ್ಲಿ ಡೀಸೆಲ್ ಬಸ್ಸೂ ಟ್ರೈನೂ ಒಂದೇ ಕಡೆ ನಿಂತುಬಿಟ್ಟಿವೆ.

ಜಲವಿದ್ಯುತ್, ಗಾಳಿ, ಸೌರಶಕ್ತಿಗೆ ಈ ಮೂರು ಪಟ್ಟಿನ ಪೆಟ್ಟು ಇಲ್ಲ. ಹಾಗಾಗಿ ಎಲ್ಲ ಗ್ರಿಡ್ಡಿಗೂ ಕೊನೆಯ ಎರಡು ಕಾಲಂಗಳ ನಡುವೆ ಎಲ್ಲೋ ಒಂದು ಜಾಗ ಇರುತ್ತದೆ. ಪೆಟ್ರೋಲ್ ಕಾರು ಮಾತ್ರ ಎರಡು ಕಾಲಂಗಳಲ್ಲೂ ಹಿಂದೆಯೇ. ಇನ್ನೊಂದು ವಿಷಯ: ಟ್ರೈನು ಮತ್ತು ಎಲೆಕ್ಟ್ರಿಕ್ ಬಸ್ಸುಗಳ ನಡುವೆ ಗ್ರಿಡ್ಡಿನ ಜಗಳವೇ ಇಲ್ಲ, ಎರಡಕ್ಕೂ ಒಂದೇ ಕರೆಂಟು. ಅವುಗಳಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಒಳಗಿನ ಜನ ಮಾತ್ರ ತೀರ್ಮಾನಿಸುತ್ತಾರೆ.

ಎಷ್ಟು ಜನ ಇದ್ದರೆ ಯಾವುದು

ಹಾಗಾದರೆ ಸರಾಸರಿ ಬಿಟ್ಟು, ನೀವು ಹತ್ತುವ ಗಾಡಿಯನ್ನೇ ನೋಡೋಣ. ಬೆಳಗಿನ ದಟ್ಟಣೆಯಲ್ಲಿ ಟ್ರೈನಿನಲ್ಲಿ 1200 ಜನ ಇದ್ದರೆ ಒಬ್ಬರಿಗೆ 0.02 ಯೂನಿಟ್. ಪೆಟ್ರೋಲ್, ಡೀಸೆಲ್ ಗಾಡಿ ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ. ರಾತ್ರಿ ಕೊನೆಯ ಗಾಡಿಯಲ್ಲಿ 60 ಜನ ಇದ್ದರೆ ಅದೇ 0.4 ಆಗುತ್ತದೆ. ಒಬ್ಬರೇ ಕೂತ ಎಲೆಕ್ಟ್ರಿಕ್ ಕಾರಿನ ಎರಡರಷ್ಟು!

ಸಮ ಆಗುವ ಅಂಕಿ ತಿಳಿಯಲು 24ನ್ನು ಕಾರಿನ ಯೂನಿಟ್ಟಿನಿಂದ ಭಾಗಿಸಿ. ಒಬ್ಬರೇ ಓಡಿಸುವ ಎಲೆಕ್ಟ್ರಿಕ್ ಕಾರಿನ 0.2ಕ್ಕೆ ಸಮವಾಗಲು ಟ್ರೈನಿನಲ್ಲಿ 120 ಜನ ಬೇಕು, ಅಂದರೆ ಬೋಗಿಗೆ ಇಪ್ಪತ್ತು. ಪೆಟ್ರೋಲ್ ಕಾರಾದರೆ, ಕಲ್ಲಿದ್ದಲಿನ ಮೂಲದಿಂದ ಲೆಕ್ಕ ಹಾಕಿದರೂ, ಎಂಬತ್ತು ಜನ ಸಾಕು. ಡೀಸೆಲ್ ಬಸ್ಸು ಒಬ್ಬರ ಪೆಟ್ರೋಲ್ ಕಾರಿಗೆ ಸಮವಾಗಲು ಆರು ಜನ. ಕಾರಿನಲ್ಲಿ ನಾಲ್ವರು ಸಹೋದ್ಯೋಗಿಗಳು ಒಟ್ಟಿಗೆ ಹೋದರೆ ಒಬ್ಬರಿಗೆ 0.19, ಅದು ಸರಾಸರಿ ಡೀಸೆಲ್ ಬಸ್ಸಿಗೆ ಹೆಚ್ಚುಕಮ್ಮಿ ಸಮ. ಕೇಳದಿದ್ದರೂ ಹೇಳುತ್ತೇನೆ, ಲೀಟರಿಗೆ 50 ಕೊಡುವ ಬೈಕಿನಲ್ಲಿ ಒಬ್ಬರೇ ಹೋದರೂ 0.18. ಅಪಾಯದ ಲೆಕ್ಕ ಬೇರೆ.

ಖಾಲಿ ಟ್ರೈನು ಇಷ್ಟು ದುಬಾರಿಯಾದರೆ ರಾತ್ರಿ ಕಾರಿನಲ್ಲೇ ಹೋಗುವುದು ವಾಸಿ ಅಂತ ಅನ್ನಿಸಬಹುದು. ಅಲ್ಲಿ ಎಡವಬೇಡಿ. ಸರಾಸರಿ ಅಂಕಿ ಇಡೀ ವ್ಯವಸ್ಥೆಯನ್ನು ಅಳೆಯುತ್ತದೆ, ನಿಮ್ಮ ಇವತ್ತಿನ ಆಯ್ಕೆಯನ್ನಲ್ಲ. ನೀವು ಹತ್ತಲಿ ಬಿಡಲಿ ರಾತ್ರಿಯ ಗಾಡಿ ಓಡಿಯೇ ಓಡುತ್ತದೆ. 65 ಕಿಲೋ ತೂಕದ ಒಬ್ಬರನ್ನು 70ರ ವೇಗಕ್ಕೆ ತರಲು ಬೇಕಾದ್ದು ಒಂದು ಯೂನಿಟ್ಟಿನ ಸುಮಾರು ಮುನ್ನೂರನೇ ಒಂದು ಭಾಗ. ಹತ್ತು ಸ್ಟೇಷನ್ ದಾಟಿದರೂ ಅದು 0.03 ಯೂನಿಟ್ಟಿನ ಆಸುಪಾಸು. ಕಾರು ಮಾತ್ರ ನೀವು ಕೀಲಿ ತಿರುಗಿಸಿದರೆ ಮಾತ್ರ ಹೊರಡುತ್ತದೆ, ಅದರ ಅಷ್ಟೂ ಖರ್ಚು ನಿಮ್ಮ ಹೆಸರಿಗೆ. ಹೊಸ ಮಾರ್ಗ ಕಟ್ಟಬೇಕೋ, ರಾತ್ರಿ ಆರು ಬೋಗಿಯ ಬದಲು ಮೂರು ಓಡಿಸಬೇಕೋ ಎಂದು ಯೋಚಿಸುವವರಿಗೆ ಸರಾಸರಿ ಬೇಕು. ನಿಮಗೆ ಬೇಕಾದ್ದು, ನೀವು ಹೋಗದಿದ್ದರೆ ಏನು ಉಳಿಯುತ್ತಿತ್ತು ಎಂಬ ಲೆಕ್ಕ.

ಆದರೂ ಸಾವಿರಾರು ಜನ ಹೀಗೇ ಬದಲಾದರೆ ಹೆಚ್ಚಿನ ಗಾಡಿ ಬಿಡಲೇಬೇಕಾಗುತ್ತದೆ. ಹಾಗಾಗಿ ಮುಂದಿನ ಲೆಕ್ಕದಲ್ಲಿ ನಾನು ಕಠಿಣವಾದ ಅಂಕಿಯನ್ನೇ, ಅಂದರೆ ಸರಾಸರಿಯನ್ನೇ ಇಟ್ಟುಕೊಂಡಿದ್ದೇನೆ.

ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ

ಮನೆಯಿಂದ ಕೆಲಸದ ಜಾಗಕ್ಕೆ ರಸ್ತೆಯಲ್ಲಿ 13 ಕಿಲೋಮೀಟರ್. ಟ್ರೈನಿನಲ್ಲಿ 12, ಆದರೆ ಸ್ಟೇಷನ್ ಮನೆಯಿಂದ 3 ಕಿಲೋಮೀಟರ್ ದೂರ. ನೇರ ಬಸ್ಸೂ ಇದೆ, ಅದು ಸುತ್ತಿ ಬಳಸಿ 14 ಕಿಲೋಮೀಟರ್ ಆಗುತ್ತದೆ. ಟ್ಯಾಂಕು ಮತ್ತು ತಂತಿಯ ಲೆಕ್ಕದಲ್ಲೇ ನೋಡೋಣ. ಕಲ್ಲಿದ್ದಲಿನ ಪೆಟ್ಟು ಬೇಕಿದ್ದವರು ಟ್ರೈನಿನ ಪಾಲನ್ನು ಮೂರರಿಂದ ಗುಣಿಸಿಕೊಳ್ಳಬಹುದು.

ಪೂರ್ತಿ ಕಾರಿನಲ್ಲಿ ಒಬ್ಬರೇ ಹೋದರೆ ಸುಮಾರು 10 ಯೂನಿಟ್. ನೇರ ಬಸ್ಸಿನಲ್ಲಿ 2.8. ಈಗ ಟ್ರೈನು. 12 ಕಿಲೋಮೀಟರಿಗೆ ಒಂದೇ ಒಂದು ಯೂನಿಟ್. ಸ್ಟೇಷನ್ನಿಗೆ ಪೆಟ್ರೋಲ್ ಕಾರಿನಲ್ಲಿ ಹೋಗಿ ಪಾರ್ಕ್ ಮಾಡಿದಿರಿ ಎನ್ನಿ. ತಣ್ಣಗಿರುವ ಎಂಜಿನ್ನು ಮೊದಲ ಕೆಲವು ಕಿಲೋಮೀಟರ್ ಜಾಸ್ತಿ ಕುಡಿಯುತ್ತದೆ, ಆದ್ದರಿಂದ ಇಲ್ಲಿ ಕಿಲೋಮೀಟರಿಗೆ 1 ಯೂನಿಟ್ ಹಿಡಿಯಬೇಕು. ಮೂರು ಕಿಲೋಮೀಟರಿಗೆ 3 ಯೂನಿಟ್. ಒಟ್ಟು 4. ನೇರ ಡೀಸೆಲ್ ಬಸ್ಸಿಗಿಂತ ಜಾಸ್ತಿ ಆಗಿಹೋಯಿತು! ಮೂರು ಕಿಲೋಮೀಟರಿನ ಕಾರು ಹನ್ನೆರಡು ಕಿಲೋಮೀಟರಿನ ಟ್ರೈನಿನ ಮೂರರಷ್ಟು ತಿಂದಿದೆ.

ಇದಕ್ಕಿಂತ ಕೆಟ್ಟದ್ದು ಡ್ರಾಪ್. ಮನೆಯವರು ಸ್ಟೇಷನ್ನಿಗೆ ಬಿಟ್ಟು ವಾಪಸ್ ಹೋದರೆ ಕಾರು ಓಡಿದ್ದು 6 ಕಿಲೋಮೀಟರ್, ಒಟ್ಟು 7 ಯೂನಿಟ್. ಸಂಜೆ ಕರೆದುಕೊಂಡು ಬರಲು ಮತ್ತೆ ಅಷ್ಟೇ. ಬಾಡಿಗೆ ಕಾರಿಗೂ ಇದೇ ರೋಗ, ನಿಮ್ಮ ಹತ್ತಿರ ಖಾಲಿ ಬರುವ ದೂರವನ್ನು ಯಾರೂ ಎಣಿಸುವುದಿಲ್ಲ. ಅದೇ ಮೂರು ಕಿಲೋಮೀಟರನ್ನು ಸಂಪರ್ಕ ಬಸ್ಸಿನಲ್ಲಿ ಹೋದರೆ 0.6, ಒಟ್ಟು 1.6. ಸೈಕಲ್ಲಾದರೆ ಬರೀ 1.

ಹಾಗಾಗಿ ಸ್ಟೇಷನ್ನು ನಡಿಗೆಯ ದೂರದಲ್ಲಿದ್ದರೆ, ಅಥವಾ ಬಸ್ಸೋ ಸೈಕಲ್ಲೋ ಇದ್ದರೆ, ಟ್ರೈನು ಹಿಡಿಯಿರಿ, ಯೋಚನೆಯೇ ಬೇಡ. ಸ್ಟೇಷನ್ನಿಗೆ ಕಾರೇ ಗತಿ, ಆದರೆ ಮನೆ ಹತ್ತಿರದಿಂದ ನೇರ ಬಸ್ಸಿದೆ ಎಂದಾದರೆ ಬಸ್ಸೇ ಮೇಲು. ಅದು ಎಲೆಕ್ಟ್ರಿಕ್ ಆಗಿದ್ದರಂತೂ 14 ಕಿಲೋಮೀಟರಿಗೆ 1 ಯೂನಿಟ್, ಟ್ರೈನಿಗೆ ಸರಿಸಮ. ನೇರ ಬಸ್ಸೂ ಇಲ್ಲದಿದ್ದರೆ ಕಾರು ಪಾರ್ಕ್ ಮಾಡಿ ಟ್ರೈನು ಹತ್ತುವುದು ಪೂರ್ತಿ ಕಾರಿಗಿಂತ ಅರ್ಧಕ್ಕೂ ಕಮ್ಮಿ. ಡ್ರಾಪ್ ಆದರೆ ಉಳಿತಾಯ ಮೂರರಲ್ಲೊಂದು ಭಾಗಕ್ಕಿಂತಲೂ ಕಮ್ಮಿ.

ನಿಮ್ಮ ಊರಿನ ಅಂಕಿಗಳನ್ನು ಇದಕ್ಕೆ ಹಾಕಬೇಕೆಂದಿದ್ದರೆ ಸಾರಿಗೆ ಸಂಸ್ಥೆಯ ವಾರ್ಷಿಕ ವರದಿ ತೆರೆಯಿರಿ. ವರ್ಷದ ಒಟ್ಟು ಯೂನಿಟ್ಟನ್ನು ಒಟ್ಟು ಪ್ರಯಾಣಿಕ-ಕಿಲೋಮೀಟರಿನಿಂದ ಭಾಗಿಸಿದರೆ ಆಯಿತು. ಕೆಲವು ವರದಿಗಳಲ್ಲಿ ಪ್ರಯಾಣಿಕರ ಸಂಖ್ಯೆ ಮಾತ್ರ ಇರುತ್ತದೆ. ಆಗ ಅದನ್ನು ಒಂದು ಪ್ರಯಾಣದ ಸರಾಸರಿ ದೂರದಿಂದ ಗುಣಿಸಿ. ಬಂದ ಉತ್ತರ 0.03ಕ್ಕಿಂತ ಕೆಳಗಿದ್ದರೆ ಸ್ಟೇಷನ್ನಿನ ಕರೆಂಟು ಬಿಟ್ಟುಹೋಗಿದೆಯೇ, ಅಥವಾ ಜನರ ಬದಲು ಸೀಟುಗಳನ್ನು ಎಣಿಸಿದ್ದಾರೆಯೇ ಎಂದು ಇನ್ನೊಮ್ಮೆ ನೋಡಿ.